ಬಣ್ಣಕ್ಕೆ ಮೊದಲು ಒಂದು ಇಮೇಲ್

ಬೆಂಗಳೂರಿನಲ್ಲಿ ಅಕ್ಟೋಬರ್ ಮಳೆ ಹಿಂದೆ ಸರಿಯುವ ಹೊತ್ತಿಗೆ ಹತ್ತು ವರ್ಷ ದಾಟಿದ ಅಪಾರ್ಟ್‌ಮೆಂಟುಗಳ ಬಣ್ಣ ಬಯಲಾಗಿರುತ್ತದೆ. ಸಜ್ಜಾದ ತುದಿಯಿಂದ ಕಪ್ಪು ಗೆರೆಗಳು ಇಳಿದಿರುತ್ತವೆ, ಡಕ್ಟ್ ಪಕ್ಕದ ಗೋಡೆಗೆ ಪಾಚಿ ಹತ್ತಿರುತ್ತದೆ, ಮೇಲಿನ ಮಹಡಿಯವರ ಬೆಡ್‌ರೂಮಿನ ಮೂಲೆಯಲ್ಲಿ ಬಣ್ಣ ಬೊಬ್ಬೆ ಎದ್ದಿರುತ್ತದೆ. ನಿವಾಸಿಗಳ ವಾಟ್ಸಾಪ್ ಗುಂಪಿನಲ್ಲಿ ಫೋಟೋಗಳು ತುಂಬಿಕೊಳ್ಳುತ್ತವೆ. ‘ಈ ಸಲ ಇಡೀ ಬಿಲ್ಡಿಂಗಿಗೇ ಬಣ್ಣ ಹೊಡೆಸಿಬಿಡೋಣ’ ಎಂದು ಸಂಘದ ಸಮಿತಿ ತೀರ್ಮಾನಿಸುತ್ತದೆ. ಮರುದಿನ ಕಾರ್ಯದರ್ಶಿಯಿಂದ ಪ್ರಾಪರ್ಟಿ ಮ್ಯಾನೇಜರಿಗೆ ಒಂದು ಸಾಲಿನ ಇಮೇಲ್ ಹೋಗುತ್ತದೆ: ‘ಪೇಂಟಿಂಗಿಗೆ ಮೂರು ಕೊಟೇಶನ್ ತರಿಸಿ, ಅರ್ಜೆಂಟ್.’

ಮೂರು ಕೊಟೇಶನ್ ಬಂದೇ ಬರುತ್ತವೆ. ಒಂದರಲ್ಲಿ ಚದರಡಿಗೆ ಇಷ್ಟು ಎಂಬ ದರ ಮಾತ್ರ, ಇನ್ನೊಂದರಲ್ಲಿ ಇಡಿಗಂಟು ಮೊತ್ತ, ಮೂರನೆಯದರಲ್ಲಿ ಸಮಿತಿ ಕೇಳಿಯೇ ಇರದ ಟೆಕ್ಸ್ಚರ್ ಕೆಲಸವೂ ಸೇರಿದ ಎಂಟು ಪುಟ. ಒಬ್ಬ ಕಾಂಪೌಂಡ್ ಗೋಡೆ ಹಿಡಿದಿದ್ದಾನೆ, ಇನ್ನೊಬ್ಬ ಬಿಟ್ಟಿದ್ದಾನೆ. ಸಮಿತಿ ಮೂರನ್ನೂ ಮೇಜಿನ ಮೇಲೆ ಹರಡಿಕೊಂಡು, ಕೊನೆಯ ಸಾಲಿನ ಅಂಕಿ ನೋಡಿ, ಕಡಿಮೆ ಇದ್ದದ್ದಕ್ಕೆ ಟಿಕ್ ಹಾಕುತ್ತದೆ. ಕೆಲಸ ಅರ್ಧ ಮುಗಿದಾಗ ‘ಇದು ನಮ್ಮ ಕೊಟೇಶನ್‌ನಲ್ಲಿ ಇಲ್ಲ ಸಾರ್’ ಎಂಬ ಮಾತು ಶುರುವಾಗುತ್ತದೆ. ಕಾಂಟ್ರಾಕ್ಟರ್ ಹೇಳುವುದು ಸುಳ್ಳೇನಲ್ಲ, ಅದು ನಿಜಕ್ಕೂ ಇರುವುದಿಲ್ಲ. ಆ ಕೆಲಸ ಬೇಕು ಎಂದು ಅವನಿಗೆ ಯಾರೂ ಬರೆದಿರುವುದಿಲ್ಲ.

ಕೊಟೇಶನ್ ತರಿಸುವ ಇಮೇಲ್‌ಗೆ ಇರುವ ಕೆಲಸ ಒಂದೇ. ಬೇರೆ ಬೇರೆ ಕಾಂಟ್ರಾಕ್ಟರುಗಳು ಒಂದೇ ಅಳತೆಯ, ಒಂದೇ ಕೆಲಸಕ್ಕೆ ಬೆಲೆ ಹೇಳುವಂತೆ ಮಾಡುವುದು. ಇದಾಗದಿದ್ದರೆ ಮೂರಲ್ಲ, ಹತ್ತು ಕೊಟೇಶನ್ ತರಿಸಿದರೂ ಹೋಲಿಸಲು ಬರುವುದಿಲ್ಲ.

ಒಂದು ಮಾದರಿ ಕಟ್ಟಡವನ್ನು ಇಟ್ಟುಕೊಂಡು ಲೆಕ್ಕ ಹಾಕಬಹುದು. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಉದ್ದ 160 ಅಡಿ, ಅಗಲ 60 ಅಡಿ, ಎತ್ತರ 50 ಅಡಿ. ಸುತ್ತಳತೆ 440 ಅಡಿ ಆದ್ದರಿಂದ ಹೊರಗೋಡೆ 22,000 ಚದರಡಿ. ನಾಲ್ಕಡಿ ಚೌಕದ 96 ಕಿಟಕಿಗಳಿದ್ದರೆ ಅವುಗಳ ಬಾಯಿಯೇ 1,536 ಚದರಡಿ ಆಗುತ್ತದೆ. ಅದನ್ನು ಕಳೆದರೆ ಉಳಿಯುವುದು 20,464. ಇಷ್ಟಕ್ಕೇ ನಿಲ್ಲಿಸುವವರು ಬಹಳ. ಆದರೆ ಕಟ್ಟಡಕ್ಕೆ ರಸ್ತೆಯಿಂದ ಕಾಣದ ಮೈಯೂ ಇದೆ. ಆರಡಿಗೆ ನಾಲ್ಕಡಿಯ, 45 ಅಡಿ ಎತ್ತರದ ನಾಲ್ಕು ಡಕ್ಟ್‌ಗಳ ಒಳಗೋಡೆ 3,600 ಚದರಡಿ. ಟೆರೇಸಿನ ಪ್ಯಾರಪೆಟ್ ಗೋಡೆಯ ಒಳಮೈ 1,540. ಆರಡಿ ಎತ್ತರ, 600 ಅಡಿ ಉದ್ದದ ಕಾಂಪೌಂಡ್ ಗೋಡೆಯ ಎರಡೂ ಬದಿ 7,200. ಬಾಲ್ಕನಿಗಳ ಒಳಗೋಡೆ ಮತ್ತು ಛಾವಣಿಯ ಅಡಿಭಾಗ, ತೆರೆದ ಜಾಗ ಕಳೆದು, 3,200 ಎಂದಿಟ್ಟುಕೊಂಡರೆ ಒಟ್ಟು ಹತ್ತಿರ ಹತ್ತಿರ 36,000 ಚದರಡಿ. ಕಣ್ಣಿಗೆ ಬಿದ್ದದ್ದಕ್ಕೂ ಬಳಿಯಬೇಕಾದದ್ದಕ್ಕೂ ಇಷ್ಟೊಂದು ಅಂತರ.

ಈಗ ಈ ಕಟ್ಟಡಕ್ಕೆ ಒಂದು ಸಾಲಿನ ಇಮೇಲ್‌ನಿಂದ ಬರಬಹುದಾದ ಮೂರು ಕೊಟೇಶನ್‌ಗಳನ್ನು ನೋಡೋಣ. ದರಗಳು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡವು, ಮಾರುಕಟ್ಟೆಯ ದರವಲ್ಲ.

ಮೊದಲನೆಯವನು ‘ಸುಮಾರು 30,000 ಚದರಡಿ, ಅಡಿಗೆ 16 ರೂಪಾಯಿ, ಒಟ್ಟು 4,80,000’ ಎಂದು ಬರೆದಿದ್ದಾನೆ. ಕೆಳಗೆ ಸಣ್ಣಕ್ಷರದಲ್ಲಿ ‘ಬಿಲ್ ವಾಸ್ತವ ಅಳತೆಯಂತೆ, ಕಿಟಕಿ ಬಾಗಿಲು ಕಳೆಯುವುದಿಲ್ಲ, ಬಿರುಕು ಮುಚ್ಚುವುದಕ್ಕೆ ರನ್ನಿಂಗ್ ಅಡಿಗೆ 25 ರೂಪಾಯಿ, ಜಿಎಸ್‌ಟಿ ಬೇರೆ’ ಎಂದಿದೆ. ಎರಡನೆಯವನದು ಅಡಿಗೆ 20 ರೂಪಾಯಿ. ಬಿರುಕು ಸೇರಿದೆ, ಕಿಟಕಿ ಕಳೆಯುತ್ತಾನೆ, ಜಿಎಸ್‌ಟಿ ಬೇರೆ. 36,000 ಅಡಿಗೆ 7,20,000. ಮೂರನೆಯವನದು 6,75,000 ಇಡಿಗಂಟು. ಜಿಎಸ್‌ಟಿ ನೋಂದಣಿ ಇಲ್ಲ, ಪ್ರೈಮರ್ ಹೊಡೆಯುವ ಮಾತೂ ಇಲ್ಲ.

ಮೊದಲ ಇಬ್ಬರ ನಡುವೆ 2,40,000 ರೂಪಾಯಿ ವ್ಯತ್ಯಾಸ ಕಾಣುತ್ತದೆ. ಅಷ್ಟು ಉಳಿತಾಯವನ್ನು ಯಾವ ಸಮಿತಿಯೂ ಬೇಡ ಎನ್ನುವುದಿಲ್ಲ. ಆದರೆ ಮೊದಲನೆಯವನ ಷರತ್ತನ್ನೇ ಹಿಡಿದು ಲೆಕ್ಕ ಹಾಕಿದರೆ ಅಳತೆ 30,000 ಅಲ್ಲ, ಕಿಟಕಿಯೂ ಸೇರಿ 37,536. ಹದಿನಾರರಂತೆ 6,00,576. ಎರಡು ಸಾವಿರ ರನ್ನಿಂಗ್ ಅಡಿ ಬಿರುಕಿದ್ದರೆ ಇನ್ನೂ 50,000. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಬಿದ್ದು ಮೊತ್ತ 7,67,680ಕ್ಕೆ ನಿಲ್ಲುತ್ತದೆ. ಎರಡನೆಯವನದು ಜಿಎಸ್‌ಟಿ ಸೇರಿ 8,49,600. ಮೂರನೆಯವನಿಗೆ ಅಡಿಗೆ ಮೂರು ರೂಪಾಯಿಯಂತೆ ಪ್ರೈಮರ್ ಸೇರಿಸಿದರೆ 7,83,000. ಮೊದಲ ಇಬ್ಬರ ನಡುವಿನ ಅಂತರ ಎರಡು ಲಕ್ಷ ನಲವತ್ತು ಸಾವಿರದಿಂದ 82 ಸಾವಿರಕ್ಕೆ ಇಳಿಯಿತು. ಆ 82 ಸಾವಿರಕ್ಕೆ ಎರಡನೆಯವನು ಹೆಚ್ಚಿಗೆ ಏನು ಕೊಡುತ್ತಾನೆ ಎಂಬುದು ಕೇಳಬೇಕಾದ ಪ್ರಶ್ನೆ. ಅದನ್ನು ಕೇಳುವ ಸ್ಥಿತಿಗೆ ಸಮಿತಿ ತಲುಪಿದ್ದು ಈ ಲೆಕ್ಕದ ನಂತರ.

ಇಷ್ಟೆಲ್ಲ ಕೂಡಿ ಕಳೆಯುವ ಶ್ರಮ ಸಮಿತಿಯ ಪಾಲಿಗೆ ಬರಬಾರದೆಂದರೆ ಅಳತೆಯನ್ನು ಕಟ್ಟಡದವರೇ ಮಾಡಿ ಎಲ್ಲರಿಗೂ ಒಂದೇ ಅಂಕಿ ಕೊಡಬೇಕು. ಬಿಲ್ಡರ್ ಕೊಟ್ಟ ನಕ್ಷೆಯಿದ್ದರೆ ಅಳತೆ ಪಟ್ಟಿ ಹಿಡಿದು ಅರ್ಧ ದಿನದಲ್ಲಿ ಮುಗಿಯುವ ಕೆಲಸ ಇದು. ಕಾಂಟ್ರಾಕ್ಟರ್ ಬಂದು ಬೇಕಾದರೆ ತಾಳೆ ನೋಡಿಕೊಳ್ಳಲಿ, ಆಕ್ಷೇಪವಿದ್ದರೆ ದರ ಬರೆಯುವ ಮೊದಲೇ ಹೇಳಲಿ.

ಹಾಗಾದರೆ ಇಮೇಲ್ ಹೇಗಿರಬೇಕು? ಚೆನ್ನಾಗಿ ಬರೆದದ್ದು ಉದ್ದವೇನೂ ಇರುವುದಿಲ್ಲ. ಕೆಲಸದ ವಿವರ, ಅಳತೆ, ದರ ತುಂಬುವ ನಮೂನೆ ಇವೆಲ್ಲ ಲಗತ್ತಿನಲ್ಲಿರುತ್ತವೆ. ಇಮೇಲ್ ಮಾತಾಡುವುದು ಕಾಂಟ್ರಾಕ್ಟರಿನ ಜೊತೆಯಲ್ಲ, ಮ್ಯಾನೇಜರಿನ ಜೊತೆ. ಅದರ ಒಂದು ಮಾದರಿ ಹೀಗೆ:

ವಿಷಯ: ಇಡೀ ಕಟ್ಟಡದ ಹೊರ ಬಣ್ಣ – ಕೊಟೇಶನ್ ತರಿಸುವ ಬಗ್ಗೆ (ಕೊನೆಯ ದಿನ ಅಕ್ಟೋಬರ್ 31)

ಮಾನ್ಯ ಮ್ಯಾನೇಜರ್ ಅವರೇ, ನಮಸ್ಕಾರ.

ನಮ್ಮ ಕಟ್ಟಡದ ಹೊರಗೋಡೆ, ಡಕ್ಟ್, ಪ್ಯಾರಪೆಟ್, ಬಾಲ್ಕನಿ ಮತ್ತು ಕಾಂಪೌಂಡ್ ಗೋಡೆಗೆ ಜನವರಿಯಿಂದ ಮಾರ್ಚ್ ನಡುವೆ ಬಣ್ಣ ಮಾಡಿಸಲು ಸಮಿತಿ ನಿರ್ಧರಿಸಿದೆ. ಇದಕ್ಕಾಗಿ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಕನಿಷ್ಠ ನಾಲ್ವರು ಕಾಂಟ್ರಾಕ್ಟರುಗಳಿಂದ ಕೊಟೇಶನ್ ತರಿಸಿಕೊಡಬೇಕಾಗಿ ಕೋರಿಕೆ. ಇಬ್ಬರನ್ನು ತಾವು ಸೂಚಿಸಿ. ಇನ್ನಿಬ್ಬರ ವಿವರವನ್ನು ನಿವಾಸಿಗಳಿಂದ ಪಡೆದು ನಾವು ಕಳುಹಿಸುತ್ತೇವೆ.

ಈ ಇಮೇಲ್‌ಗೆ ಮೂರು ಕಡತ ಲಗತ್ತಿಸಿದೆ: ಕೆಲಸದ ವಿವರ, ಅಳತೆ ಪಟ್ಟಿ, ದರ ತುಂಬುವ ನಮೂನೆ. ದಯವಿಟ್ಟು ಇವುಗಳನ್ನು ಬದಲಿಸದೆ ಎಲ್ಲರಿಗೂ ಒಂದೇ ದಿನ ಕಳುಹಿಸಿ. ದರವನ್ನು ನಮ್ಮ ನಮೂನೆಯಲ್ಲೇ ತುಂಬಬೇಕು. ಬೇರೆ ಸಲಹೆ ಇದ್ದವರು ಪ್ರತ್ಯೇಕ ಹಾಳೆಯಲ್ಲಿ ಕೊಡಲಿ.

ಅಕ್ಟೋಬರ್ 17ರ ಬೆಳಿಗ್ಗೆ 10ಕ್ಕೆ ಎಲ್ಲರೂ ಒಟ್ಟಿಗೆ ಬಂದು ಕಟ್ಟಡ ನೋಡಲು ವ್ಯವಸ್ಥೆ ಮಾಡಿ. ಟೆರೇಸ್ ಮತ್ತು ಡಕ್ಟ್ ಬೀಗದ ಕೈ ಸಿದ್ಧವಿರಲಿ. ಅಂದು ಯಾರಾದರೂ ಕೇಳಿದ ಪ್ರಶ್ನೆಯ ಉತ್ತರವನ್ನು ಬರೆದು ಎಲ್ಲರಿಗೂ ಕಳುಹಿಸಿ. ನಮ್ಮ ಬಜೆಟ್ ಆಗಲಿ, ಒಬ್ಬರ ದರವನ್ನು ಇನ್ನೊಬ್ಬರಿಗಾಗಲಿ ತಿಳಿಸಬೇಡಿ.

ಕೊಟೇಶನ್‌ಗಳು ಅಕ್ಟೋಬರ್ 31ರ ಸಂಜೆ 5ರೊಳಗೆ ಸಮಿತಿಯ ಇಮೇಲ್ ವಿಳಾಸಕ್ಕೆ ನೇರವಾಗಿ ಬರಲಿ, ಪ್ರತಿ ತಮಗೂ ಇರಲಿ. ದರ 90 ದಿನ ಬದಲಾಗಬಾರದು.

ತಮ್ಮಿಂದ ನಮಗೆ ಇನ್ನು ಎರಡು ಮಾಹಿತಿ ಬೇಕು. ಕಳೆದ ಎರಡು ಮಳೆಗಾಲದಲ್ಲಿ ಸೋರಿಕೆಯ ದೂರು ಬಂದ ಮನೆಗಳ ಪಟ್ಟಿ, ಮತ್ತು ಹೊರಗೋಡೆಯ ಮೇಲಿರುವ ಎಸಿ ಘಟಕ, ಡಿಶ್, ಪಾರಿವಾಳದ ಬಲೆಗಳ ಪಟ್ಟಿ. ಯಾವುದೇ ಕಾಂಟ್ರಾಕ್ಟರ್ ಜೊತೆ ತಮಗಾಗಲಿ ತಮ್ಮ ಸಂಸ್ಥೆಗಾಗಲಿ ವ್ಯವಹಾರವಿದ್ದರೆ ಅದನ್ನೂ ತಿಳಿಸಿ.

ಇತಿ,
ಕಾರ್ಯದರ್ಶಿ, ನಿವಾಸಿಗಳ ಸಂಘ

ಇದರಲ್ಲಿ ಹೆಚ್ಚು ಬೆಲೆಬಾಳುವುದು ಸೋರಿಕೆಯ ಪಟ್ಟಿ ಕೇಳಿದ ಸಾಲು. ಬಣ್ಣ ಸೋರಿಕೆಯನ್ನು ನಿಲ್ಲಿಸುವುದಿಲ್ಲ. ಗೋಡೆಯೊಳಗೆ ನೀರಿದ್ದರೆ ಅದು ಹೊರಬರಲು ದಾರಿ ಹುಡುಕುತ್ತದೆ, ಮೇಲೆ ಬಳಿದ ಪದರವನ್ನು ಎಬ್ಬಿಸುತ್ತದೆ, ಬರುವಾಗ ಸಿಮೆಂಟಿನ ಉಪ್ಪನ್ನೂ ಹೊತ್ತು ತಂದು ಬಿಳಿ ಪುಡಿಯಾಗಿ ಬಿಡುತ್ತದೆ. ಟೆರೇಸಿನಿಂದ ಇಳಿಯುವ ನೀರೋ, ಡಕ್ಟ್‌ನ ಪೈಪ್ ಕೀಲೋ, ಬಾತ್‌ರೂಮಿನ ನೆಲವೋ ಎಂಬುದನ್ನು ಮೊದಲು ಕಂಡುಹಿಡಿದು ರಿಪೇರಿ ಮಾಡಿ, ಗೋಡೆ ಒಣಗಿದ ಮೇಲೆ ಬ್ರಷ್ ಮುಟ್ಟಬೇಕು. ಒಣಗಿದೆಯೋ ಇಲ್ಲವೋ ನೋಡಲು ಮೇಸ್ತ್ರಿಗಳ ಹಳೆಯ ಉಪಾಯವೊಂದಿದೆ. ಒಂದು ಚದರಡಿಯ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಮರುದಿನ ತೆಗೆದು ನೋಡುವುದು. ಒಳಮೈಯಲ್ಲಿ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಬಣ್ಣಕ್ಕೆ ಸಿದ್ಧವಿಲ್ಲ. ಯಾವ ಮನೆಯ ಮೂಲೆ ಯಾವ ತಿಂಗಳು ಒದ್ದೆಯಾಯಿತು ಎಂಬ ದಾಖಲೆ ಮ್ಯಾನೇಜರಿನ ದೂರು ಪುಸ್ತಕದಲ್ಲಿ ಇರುತ್ತದೆ, ಸಮಿತಿಯ ಬಳಿ ಇರುವುದಿಲ್ಲ. ಸೋರಿಕೆ ರಿಪೇರಿಗೆ ನಮೂನೆಯಲ್ಲಿ ಬೇರೆಯದೇ ಸಾಲು ಇಟ್ಟರೆ ಬಣ್ಣದ ದರದೊಳಗೆ ಅದು ಅಡಗಿ ಕೂರುವುದಿಲ್ಲ.

ಇನ್ನು ‘ಕೆಲಸದ ವಿವರ’ ಎಂಬ ಲಗತ್ತು. ‘ಒಳ್ಳೆ ಕಂಪನಿ ಬಣ್ಣ, ಎರಡು ಕೋಟ್’ ಎಂದಷ್ಟೇ ಬರೆದರೆ ಒಳ್ಳೆಯದು ಯಾವುದೆಂದು ಕಾಂಟ್ರಾಕ್ಟರೇ ತೀರ್ಮಾನಿಸುತ್ತಾನೆ. ಒಂದೇ ಕಂಪನಿ ಹೊರಗೋಡೆಗೆ ಮೂರು ನಾಲ್ಕು ದರ್ಜೆಯ ಎಮಲ್ಷನ್ ಮಾರುತ್ತದೆ, ಬಾಳಿಕೆಯೂ ಬೆಲೆಯೂ ಬೇರೆ ಬೇರೆ. ಆದ್ದರಿಂದ ಕಂಪನಿಯ ಹೆಸರಿನ ಜೊತೆ ಡಬ್ಬಿಯ ಮೇಲಿರುವ ಪೂರ್ತಿ ಹೆಸರನ್ನೇ ಬರೆಯಬೇಕು. ಬಣ್ಣಕ್ಕಿಂತ ಮೊದಲಿನ ಕೆಲಸವನ್ನು ಇನ್ನೂ ಬಿಡಿಸಿ ಬರೆಯಬೇಕು. ಪ್ರೆಷರ್ ಪಂಪಿನಿಂದ ಗೋಡೆ ತೊಳೆಯುವುದು, ಪಾಚಿ ಇದ್ದಲ್ಲಿ ಶಿಲೀಂಧ್ರನಾಶಕ ಹಚ್ಚುವುದು, ಸಡಿಲವಾದ ಬಣ್ಣ ಕೆರೆಯುವುದು, ಕೂದಲೆಳೆಯ ಬಿರುಕಿಗೆ ಕ್ರ್ಯಾಕ್ ಫಿಲ್ಲರ್, ಅಗಲ ಬಿರುಕನ್ನು ಕೊರೆದು ಪಾಲಿಮರ್ ಮಿಶ್ರಿತ ಗಾರೆ ತುಂಬುವುದು, ಒಂದು ಕೋಟ್ ಹೊರಗೋಡೆಯ ಪ್ರೈಮರ್. ಹಳೆಯ ಗೋಡೆಯನ್ನು ಅಂಗೈಯಿಂದ ಉಜ್ಜಿದಾಗ ಕೈಗೆ ಸುಣ್ಣದಂಥ ಪುಡಿ ಹತ್ತಿದರೆ ಪ್ರೈಮರ್ ಬಿಡುವಂತೆಯೇ ಇಲ್ಲ. ಪುಡಿಯ ಮೇಲೆ ಕೂತ ಬಣ್ಣ ಪುಡಿಯ ಜೊತೆಯೇ ಉದುರುತ್ತದೆ.

ದರದ ನಮೂನೆಯಲ್ಲಿ ಎಷ್ಟೋ ಸಂಘಗಳು ಬಿಡುವ ಒಂದು ಕಲಂ ಇದೆ: ಎಷ್ಟು ಲೀಟರ್ ಬಣ್ಣ ಬಳಸುತ್ತೀರಿ? ನಯವಾದ, ಪ್ರೈಮರ್ ಹೊಡೆದ ಗೋಡೆಯ ಮೇಲೆ ಹೊರಗೋಡೆಯ ಎಮಲ್ಷನ್ ಎರಡು ಕೋಟ್‌ಗೆ ಲೀಟರಿಗೆ ಸುಮಾರು 50ರಿಂದ 60 ಚದರಡಿ ಬರುತ್ತದೆ. ಟೆಕ್ಸ್ಚರ್ ಇದ್ದರೆ ಇನ್ನೂ ಕಡಿಮೆ. ನಮ್ಮ ಮಾದರಿ ಕಟ್ಟಡದ 36,000 ಚದರಡಿಯನ್ನು 55ರಿಂದ ಭಾಗಿಸಿದರೆ 655 ಲೀಟರ್, ಅಂದರೆ 20 ಲೀಟರಿನ 33 ಬಕೆಟ್. ಒಬ್ಬ 650 ಎಂದು ಬರೆದು ಇನ್ನೊಬ್ಬ 440 ಎಂದು ಬರೆದರೆ, ಎರಡನೆಯವನು ಲೀಟರಿಗೆ 82 ಅಡಿ ಎಳೆಯುತ್ತೇನೆ ಎಂದಂತಾಯಿತು. ಅದು ಸಾಧ್ಯವಾಗುವುದು ಎರಡೇ ರೀತಿಯಲ್ಲಿ: ಎರಡನೆಯ ಕೋಟ್ ತೆಳ್ಳಗೆ ಮುಟ್ಟಿಸಿ ಬಿಡುವುದು, ಇಲ್ಲವೇ ಡಬ್ಬಿಯ ಮೇಲೆ ಹೇಳಿದ್ದಕ್ಕಿಂತ ಹೆಚ್ಚು ನೀರು ಬೆರೆಸುವುದು. ಅಂಥ ಗೋಡೆ ಹೊಸದರಲ್ಲಿ ಚೆನ್ನಾಗಿಯೇ ಕಾಣುತ್ತದೆ, ಎರಡನೆಯ ಮಳೆಗಾಲಕ್ಕೆ ಮಾಸುತ್ತದೆ. ಲೀಟರ್ ಬರೆಸಿಕೊಂಡರೆ ಮ್ಯಾನೇಜರಿಗೂ ಕೈಯಲ್ಲಿ ಒಂದು ಅಳತೆಗೋಲು ಸಿಗುತ್ತದೆ. ಸೀಲ್ ಒಡೆಯದ ಬಕೆಟ್‌ಗಳು ಗೇಟಿನೊಳಗೆ ಬಂದಾಗ ಸೆಕ್ಯುರಿಟಿ ರಿಜಿಸ್ಟರಿನಲ್ಲಿ ಬ್ಯಾಚ್ ನಂಬರ್ ಸಮೇತ ಬರೆಸುವುದು, ಖಾಲಿಯಾದವನ್ನು ಎಣಿಸಿ ಇಟ್ಟುಕೊಳ್ಳುವುದು, ಕೊನೆಯ ಬಿಲ್ಲಿನ ದಿನ ತಾಳೆ ನೋಡುವುದು.

ಎತ್ತರಕ್ಕೆ ಹತ್ತುವುದು ಹೇಗೆ ಎಂಬುದೂ ನಮೂನೆಯಲ್ಲಿ ಬರಬೇಕು. ನೆಲದಿಂದ ಕಟ್ಟುವ ಸಾರುವೆ ದುಬಾರಿ. ಟೆರೇಸಿನಿಂದ ಹಗ್ಗ ಇಳಿಬಿಟ್ಟು ಹಲಗೆಯ ಮೇಲೆ ಕೂತು ಬಳಿಯುವ ಜೂಲಾ ಅಗ್ಗ. ದರಗಳ ನಡುವಿನ ವ್ಯತ್ಯಾಸದಲ್ಲಿ ಇದರ ಪಾಲು ದೊಡ್ಡದು. ಜೂಲಾ ಬಳಸುವುದಾದರೆ ಕೂರುವ ಹಗ್ಗಕ್ಕೆ ಸಂಬಂಧವಿಲ್ಲದ ಇನ್ನೊಂದು ಹಗ್ಗಕ್ಕೆ ಬಿಗಿದ ಮೈಪೂರ್ತಿ ಬೆಲ್ಟ್ ಇರಲೇಬೇಕು. ಎರಡನ್ನೂ ಒಂದೇ ಕೊಕ್ಕೆಗೆ ಕಟ್ಟಿದರೆ ಅದು ಸುರಕ್ಷೆಯಲ್ಲ, ಸುರಕ್ಷೆಯ ವೇಷ. ಹಗ್ಗವನ್ನು ನೀರಿನ ಪೈಪಿಗೋ ಡಿಶ್ ಕಂಬಕ್ಕೋ ಬಿಗಿಯುವುದನ್ನು ಬೆಂಗಳೂರಿನಲ್ಲಿ ಟೆರೇಸ್ ಹತ್ತಿದ ಯಾರಾದರೂ ಕಂಡಿರುತ್ತಾರೆ. ಕೆಲಸಗಾರರ ಪರಿಹಾರ ವಿಮೆಯ ಪ್ರತಿ ಕೊಟೇಶನ್ ಜೊತೆಯಲ್ಲೇ ಬರಬೇಕು, ಕೆಲಸದ ಅವಧಿಯನ್ನು ಅದು ಒಳಗೊಂಡಿರಬೇಕು. ಬಿದ್ದು ಏನಾದರೂ ಆದ ಮೇಲೆ ಕೇಳುವ ಕಾಗದ ಅದಲ್ಲ.

ಇಮೇಲ್‌ನಲ್ಲಿ ಸ್ವಲ್ಪ ಮುಜುಗರ ತರುವ ಸಾಲು ಕೊನೆಯದು, ಮ್ಯಾನೇಜರಿಗೆ ಯಾರ ಜೊತೆ ವ್ಯವಹಾರವಿದೆ ಎಂದು ಕೇಳುವುದು. ಅನುಮಾನಿಸಿದಂತಾಗುತ್ತದೆ ಎಂದು ಅನೇಕ ಕಾರ್ಯದರ್ಶಿಗಳು ಅದನ್ನು ಬಿಡುತ್ತಾರೆ. ಎಲ್ಲರಿಗೂ, ಎಲ್ಲ ಕೆಲಸಕ್ಕೂ ಮಾಮೂಲಾಗಿ ಕೇಳುವ ಪ್ರಶ್ನೆಯಾದರೆ ಯಾರಿಗೂ ಬೇಸರವಾಗುವುದಿಲ್ಲ. ಪ್ರಾಮಾಣಿಕ ಮ್ಯಾನೇಜರಿಗೆ ಅದು ರಕ್ಷಣೆಯೂ ಹೌದು, ನಾಳೆ ನಿವಾಸಿಯೊಬ್ಬರು ಬೆರಳು ತೋರಿಸಿದರೆ ಅವನ ಉತ್ತರ ಇಮೇಲ್‌ನಲ್ಲೇ ಇರುತ್ತದೆ. ಕೇಳದೆ ಬಿಟ್ಟಲ್ಲಿ ಆಗಾಗ ನಡೆಯುವುದು ಇನ್ನೊಂದು: ಮೂರೂ ಕೊಟೇಶನ್ ಒಬ್ಬನ ಜೇಬಿನಿಂದಲೇ ಬರುತ್ತವೆ. ಕೆಲಸ ಬೇಕಾದವನು ತನ್ನದರ ಜೊತೆ ಪರಿಚಯದ ಇಬ್ಬರ ಲೆಟರ್‌ಹೆಡ್‌ನಲ್ಲಿ ಹೆಚ್ಚಿನ ದರ ಬರೆಸಿ ತಂದಿರುತ್ತಾನೆ.

ಇದನ್ನು ಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಒಂದೇ ಕಾಗುಣಿತದ ತಪ್ಪು ಮೂರರಲ್ಲೂ ಇರುತ್ತದೆ, ಮೂರೂ ಬಾಬುಗಳಿಗೆ ದರ ಒಂದೇ ಪ್ರಮಾಣದಲ್ಲಿ ಏರಿರುತ್ತದೆ, ಸೈಟ್ ನೋಡಲು ಬಂದವನು ಮಾತ್ರ ಒಬ್ಬನೇ ಆಗಿರುತ್ತಾನೆ. ಜಿಎಸ್‌ಟಿ ಸಂಖ್ಯೆಯನ್ನೂ ನೋಡಬೇಕು. ಹದಿನೈದು ಅಕ್ಷರಗಳ ಆ ಸಂಖ್ಯೆಯಲ್ಲಿ ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಅಕ್ಷರ ಆ ಸಂಸ್ಥೆಯ ಅಥವಾ ವ್ಯಕ್ತಿಯ ಪ್ಯಾನ್. ಎರಡು ಬೇರೆ ಹೆಸರಿನ ಕೊಟೇಶನ್‌ಗಳಲ್ಲಿ ಈ ಹತ್ತು ಒಂದೇ ಆಗಿದ್ದರೆ ಒಡೆಯ ಒಬ್ಬನೇ. ಜಿಎಸ್‌ಟಿ ಜಾಲತಾಣದಲ್ಲಿ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿದೆ, ಯಾವಾಗ ನೋಂದಣಿಯಾಗಿದೆ, ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ಯಾರಿಗಾದರೂ ಕಾಣುತ್ತದೆ. ಪ್ಯಾನ್ ಬೇರೆಯಿದ್ದು ವಿಳಾಸ ಒಂದೇ ಇದ್ದರೆ ಅಣ್ಣ ತಮ್ಮಂದಿರ ವ್ಯವಹಾರ ಇರಬಹುದು, ಕೇಳಿ ತಿಳಿಯಬೇಕು. ಇಮೇಲ್‌ನಲ್ಲಿ ಇಬ್ಬರನ್ನು ಮ್ಯಾನೇಜರ್, ಇಬ್ಬರನ್ನು ನಿವಾಸಿಗಳು ಸೂಚಿಸಲಿ ಎಂದದ್ದೂ, ಎಲ್ಲರನ್ನೂ ಒಂದೇ ಗಂಟೆಗೆ ಕರೆದದ್ದೂ ಇದಕ್ಕೇ. ಎದುರುಬದುರಾದ ಸ್ಪರ್ಧಿಗಳು ಪರಸ್ಪರ ಅಪರಿಚಿತರೋ ಅಲ್ಲವೋ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಒಟ್ಟಿಗೆ ಕರೆದರೆ ಅವರೇ ಒಳಗೊಳಗೆ ದರ ಮಾತಾಡಿಕೊಳ್ಳುವ ಅಪಾಯವೂ ಇಲ್ಲದಿಲ್ಲ. ಆ ಭಯವಿರುವ ಕಡೆ ಅರ್ಧ ಗಂಟೆಯ ಅಂತರದಲ್ಲಿ ಕರೆದು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿಸಬಹುದು.

ಹಣ ಕೊಡುವ ಕ್ರಮವನ್ನು ಕಾಂಟ್ರಾಕ್ಟರ್ ಹೇಳುವುದಕ್ಕೆ ಮೊದಲೇ ನಮೂನೆಯಲ್ಲಿ ಹಾಕಿಬಿಡುವುದು ಒಳ್ಳೆಯದು, ಏಕೆಂದರೆ ಅರ್ಧ ಮುಂಗಡ ಕೇಳುವವನ ದರವೂ ಕೆಲಸದ ಹಂತದಂತೆ ಪಡೆಯುವವನ ದರವೂ ಒಂದೇ ಅಲ್ಲ. ತೊಳೆದು ಬಿರುಕು ಮುಚ್ಚಿದ ಮೇಲೆ ಇಷ್ಟು, ಪ್ರೈಮರ್ ಮುಗಿದ ಮೇಲೆ ಇಷ್ಟು, ಮೊದಲ ಕೋಟ್, ಎರಡನೆಯ ಕೋಟ್, ಹೀಗೆ. ಶೇಕಡಾ ಹತ್ತನ್ನು ಮುಂದಿನ ಮಳೆಗಾಲ ಕಳೆಯುವವರೆಗೆ ಹಿಡಿದಿಡುತ್ತೇವೆ ಎಂದು ಬರೆದರೆ ಕೆಲವರು ದರವನ್ನು ಸ್ವಲ್ಪ ಏರಿಸುತ್ತಾರೆ, ಕೆಲವರು ಕೊಟೇಶನ್ ಕೊಡುವುದೇ ಇಲ್ಲ. ಗ್ಯಾರಂಟಿಯ ಬಗ್ಗೆಯೂ ಹೀಗೇ ಕೇಳಬೇಕಾದದ್ದಿದೆ: ಅದು ಬಣ್ಣದ ಕಂಪನಿಯದೋ ಕಾಂಟ್ರಾಕ್ಟರಿನದೋ, ಸಂಘದ ಹೆಸರಿಗೆ ಕಾಗದ ಬರುತ್ತದೆಯೋ, ಕೂಲಿಯೂ ಸೇರಿದೆಯೋ ಬರೀ ಸಾಮಗ್ರಿಯೋ. ಕಂಪನಿ ಹೇಳಿದ ಪ್ರೈಮರ್ ಮತ್ತು ಕೋಟ್‌ಗಳ ಕ್ರಮ ತಪ್ಪಿದರೆ ಕಂಪನಿಯ ಗ್ಯಾರಂಟಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಪ್ರೈಮರ್ ಬಿಟ್ಟು ಏಳು ವರ್ಷದ ಗ್ಯಾರಂಟಿ ಕೊಡುವ ಕೊಟೇಶನ್ ಬಂದರೆ ಎರಡರಲ್ಲಿ ಒಂದು ನಿಜವಲ್ಲ.

ದರ 90 ದಿನ ನಿಲ್ಲಬೇಕು ಎಂಬ ಸಾಲು ಚಿಕ್ಕದು, ಅದಕ್ಕೆ ಕಾರಣ ಸಂಘದ ಒಳಗಿನದು. ಇಷ್ಟು ದೊಡ್ಡ ಖರ್ಚಿಗೆ ಸರ್ವಸದಸ್ಯರ ಸಭೆಯ ಒಪ್ಪಿಗೆ ಬೇಕಾಗುತ್ತದೆ, ಸಭೆಗೆ ಬೈಲಾದಂತೆ ಮುಂಚಿತವಾಗಿ ನೋಟಿಸು ಕೊಡಬೇಕು, ಒಪ್ಪಿಗೆಯಾದ ಮೇಲೆ ಮನೆಮನೆಯಿಂದ ವಿಶೇಷ ವಂತಿಗೆ ಸಂಗ್ರಹವಾಗಬೇಕು. ಅಕ್ಟೋಬರ್ 31ಕ್ಕೆ ಬಂದ ಕೊಟೇಶನ್ 30 ದಿನ ಮಾತ್ರ ಜೀವಂತವಾಗಿದ್ದರೆ ಡಿಸೆಂಬರಿನ ಸಭೆಗೆ ಅದು ಸತ್ತಿರುತ್ತದೆ. ಸದಸ್ಯರು ಕೈಯೆತ್ತಿ ಒಪ್ಪಿದ ಅಂಕಿ ಬೇರೆ, ಕೆಲಸದ ಆದೇಶದಲ್ಲಿ ಕಾಂಟ್ರಾಕ್ಟರ್ ಕೇಳುವ ಅಂಕಿ ಬೇರೆ ಆಗುತ್ತದೆ. 90 ದಿನವಿದ್ದರೆ ಜನವರಿ ಕೊನೆಯವರೆಗೂ ಹಳೆಯ ದರದಲ್ಲೇ ಆದೇಶ ಕೊಡಬಹುದು, ಮೊದಲ ಬೇಸಿಗೆ ಮಳೆ ಬೀಳುವ ಏಪ್ರಿಲ್‌ಗೆ ಮೊದಲು ಎರಡನೆಯ ಕೋಟ್ ಮುಗಿಸಲು ಸಮಯವೂ ಉಳಿಯುತ್ತದೆ.